ಪೆಟ್ಟಿಗೆ ಅಂಗಡಿಯ ಬಲ್ಬು ಆಡುವ ನಾಟಕ

ಚಿತ್ರಕಥೆಯಲ್ಲಿ ಇರುವುದು ಎರಡೇ ಸಾಲು. ‘ರಾತ್ರಿ. ಬೀದಿ. ಅಂಗಡಿಯವನು ಬಾಗಿಲು ಹಾಕುವ ಹೊತ್ತಿಗೆ ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ನಡೆದು ಬರುತ್ತಾಳೆ.’ ಬರೆದವರ ಕೆಲಸ ಅಲ್ಲಿಗೆ ಮುಗಿಯಿತು. ಛಾಯಾಗ್ರಾಹಕನ ತಲೆಬಿಸಿ ಅಲ್ಲಿಂದ ಶುರು. ನೋಡುವವರ ಕಣ್ಣು ಮೊದಲು ಅಂಗಡಿಯವನ ಮೇಲೆ ಬೀಳಬೇಕು. ಆಮೇಲೆ ದೂರದಲ್ಲಿ ಯಾರೋ ಬರುತ್ತಿದ್ದಾರೆ ಅನ್ನುವುದು ತಿಳಿಯಬೇಕು. ಆದರೆ ಆಕೆ ಯಾರೆಂಬುದು ಅಂಗಡಿಯ ಮುಂದೆ ಬಂದು ನಿಲ್ಲುವ ತನಕ ಗೊತ್ತಾಗಬಾರದು. ಇಷ್ಟನ್ನೂ ಒಂದು ಮಾತಿಲ್ಲದೆ, ಕ್ಯಾಮೆರಾ ಅಲುಗಾಡದೆ, ಬರೀ ಬೆಳಕಿನಿಂದ ಹೇಳಬೇಕು.

‘ಬೀದಿಯಲ್ಲಿ ಲೈಟು ಕಂಬ ಇದೆ, ಅಂಗಡಿಯಲ್ಲಿ ಬಲ್ಬಿದೆ, ಈಗಿನ ಕ್ಯಾಮೆರಾಗಳು ಕತ್ತಲಲ್ಲೂ ಎಲ್ಲ ಹಿಡಿಯುತ್ತವೆ, ಇನ್ನೇನು ಬೇಕು?’ ಎಂದು ನಿರ್ಮಾಪಕರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಹಾಗೇ ಚಿತ್ರೀಕರಿಸಿದರೆ ಬೀದಿ ಕಾಣಿಸುತ್ತದೆ. ಆದರೆ ಎಲ್ಲವೂ ಒಂದೇ ಸಮನಾಗಿ ಮಸುಕಾಗಿ ಕಾಣಿಸುತ್ತದೆ. ನಿಲ್ಲಿಸಿದ ಸ್ಕೂಟರು, ಚರಂಡಿಯ ಕಲ್ಲು, ನಾಯಕಿಯ ಮುಖ ಎಲ್ಲಕ್ಕೂ ಒಂದೇ ಬೆಲೆ. ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಮೂಡ್ ಇರುವ ರಾತ್ರಿಗೂ ಬರೀ ಕತ್ತಲೆಗೂ ಇರುವ ವ್ಯತ್ಯಾಸ ಇದೇ.

ಮೊದಲು ಲೆಕ್ಕ. ಹೆಚ್ಚೇನಿಲ್ಲ, ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. ಕ್ಯಾಮೆರಾವನ್ನು ಐಎಸ್‌ಒ 800ಕ್ಕೆ ಇಟ್ಟು, ಲೆನ್ಸನ್ನು ಎಫ್ 2ರಷ್ಟು ತೆರೆದು, ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರೆ, ಒಂದು ಮುಖ ಸರಿಯಾಗಿ, ಅಂದರೆ ಹಗಲಿನಂತೆ ಸ್ಪಷ್ಟವಾಗಿ ಕಾಣಲು ಸುಮಾರು 60 ಲಕ್ಸ್ ಬೆಳಕು ಬೇಕು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಮೊಬೈಲಿನ ಉಚಿತ ಆ್ಯಪ್‌ಗಳೂ ಅದನ್ನು ಅಂದಾಜಾಗಿ ತೋರಿಸುತ್ತವೆ. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಇದ್ದರೆ ಹೆಚ್ಚು. ಹಾಗಾಗಿ ತೆರೆಯ ಮೇಲೆ ಕಾಣುವ ಬೆಳದಿಂಗಳಲ್ಲಿ ಚಂದ್ರನ ಪಾಲು ಇಲ್ಲವೆಂದೇ ಹೇಳಬೇಕು, ಅದು ಯಾರದೋ ಮನೆಯ ತಾರಸಿಯ ಮೇಲೆ ಕೂತ ದೀಪ.

ಆದರೆ ರಾತ್ರಿಯ ದೃಶ್ಯದಲ್ಲಿ ಮುಖಕ್ಕೆ 60 ಲಕ್ಸ್ ಕೊಟ್ಟರೆ ಅದು ರಾತ್ರಿಯಂತೆ ಕಾಣುವುದಿಲ್ಲ. ಆದ್ದರಿಂದ ಅಂಗಡಿಯವನ ಮುಖಕ್ಕೆ ಅದರ ಅರ್ಧ, 30 ಲಕ್ಸ್. ಸೆಟ್ಟಿನ ಭಾಷೆಯಲ್ಲಿ ಇದು ‘ಒಂದು ಸ್ಟಾಪ್ ಕಡಿಮೆ’. ಒಂದೊಂದು ಸ್ಟಾಪ್ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಹಿಂದಿನ ಗೋಡೆ, ರಸ್ತೆ, ಮುಚ್ಚಿದ ಕಿಟಕಿಗಳಿಗೆ ನಾಲ್ಕರಿಂದ ಎಂಟು ಲಕ್ಸ್ ಸಾಕು. ಭುಜದ ಅಂಚಿನಲ್ಲಿ, ಕೂದಲಲ್ಲಿ ಮಿನುಗುವ ಗೆರೆಗೆ 120ರ ತನಕ ಹೋಗಬಹುದು. ಇಡೀ ಚಿತ್ರ ನಿಂತಿರುವುದು ಈ ಮೂರು ಮೆಟ್ಟಿಲುಗಳ ಮೇಲೆ. ಗಮನಿಸಿ, ಇಲ್ಲಿ ಅತಿ ಹೆಚ್ಚು ಬೆಳಕು ಬೀಳುತ್ತಿರುವುದು ಮುಖದ ಮೇಲಲ್ಲ. ಕಣ್ಣು ಹೆಚ್ಚು ಬೆಳಕಿದ್ದಲ್ಲಿಗೇ ಹೋಗುತ್ತದೆ ಅನ್ನುವ ಮಾತು ಅರ್ಧ ನಿಜ. ಬೆಳಕು ಮತ್ತು ಕತ್ತಲು ಥಟ್ಟನೆ ಮುಟ್ಟಿಕೊಳ್ಳುವ ಗಡಿಗೂ ಅದು ಹೋಗುತ್ತದೆ. ಸುತ್ತಲಿಗಿಂತ ಬೇರೆ ಬಣ್ಣ ಇರುವಲ್ಲಿಗೂ ಹೋಗುತ್ತದೆ. ಮನುಷ್ಯನ ಮುಖ ಕಂಡರೆ, ಅದು ಎಷ್ಟೇ ಮಬ್ಬಾಗಿದ್ದರೂ, ಅಲ್ಲಿಗೆ ಹೋಗಿಯೇ ಹೋಗುತ್ತದೆ.

ಈಗ ಅಂಗಡಿಗೆ ಬರೋಣ. ನೀಲಿ ಬಣ್ಣ ಬಳಿದ ಮರದ ಪೆಟ್ಟಿಗೆ ಅಂಗಡಿ. ಎದುರು ಹಲಗೆಯ ಮೇಲೆ ಗಾಜಿನ ಭರಣಿಗಳು, ಒಂದರಲ್ಲಿ ಕಡಲೆ ಮಿಠಾಯಿ, ಇನ್ನೊಂದರಲ್ಲಿ ಚಕ್ಕುಲಿ. ಮೇಲೆ ಹಗ್ಗಕ್ಕೆ ನೇತುಹಾಕಿದ ಏಲಕ್ಕಿ ಬಾಳೆಗೊನೆ, ಅದರ ಪಕ್ಕ ವಯರಿನ ತುದಿಯಲ್ಲಿ ಒಂದು ಬಲ್ಬು. ಹೀಗೆ ಚಿತ್ರದ ಒಳಗೇ ಕಾಣಿಸಿಕೊಳ್ಳುವ ದೀಪಕ್ಕೆ ಸಿನಿಮಾದವರು ಪ್ರಾಕ್ಟಿಕಲ್ ಲೈಟ್ ಅನ್ನುತ್ತಾರೆ. ಮೇಜಿನ ಲ್ಯಾಂಪು, ದೇವರ ಮನೆಯ ಹಣತೆ, ಬೀದಿ ಕಂಬ, ಬೇಕರಿಯ ಟ್ಯೂಬು ಎಲ್ಲವೂ ಪ್ರಾಕ್ಟಿಕಲ್‌ಗಳೇ.

ಹಳೆಯ 60 ವ್ಯಾಟಿನ ತಂತಿ ಬಲ್ಬು ಒಂದು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 55 ಲಕ್ಸ್ ಕೊಡುತ್ತದೆ. ನಮಗೆ ಬೇಕಾದದ್ದು 30, ಹಾಗಿದ್ದರೆ ಈ ಬಲ್ಬೇ ಸಾಕಲ್ಲ ಅನ್ನಿಸಬಹುದು. ಎರಡು ತೊಡಕಿದೆ. ಒಂದು, ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದು ಎರಡು ಮೀಟರ್ ದೂರಕ್ಕೆ ಹೋದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ, 14 ಲಕ್ಸಿಗೆ ಇಳಿಯುತ್ತದೆ. ದೂರ ದುಪ್ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಇದು ಭೌತಶಾಸ್ತ್ರದ ನಿಯಮ. ಬಾಗಿ ಭರಣಿ ಎತ್ತಿಡುವಾಗ ಮುಖ ಬಲ್ಬಿನ ಹತ್ತಿರ ಬಂದು ಬೆಳ್ಳಗಾಗುತ್ತದೆ, ಹಿಂದೆ ಸರಿದರೆ ಮಾಯವಾಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ಮುಖದ ಮೇಲೆ ಬೀಳುವ ಬೆಳಕು ಹದವಾಗಿದ್ದರೂ, ಬಲ್ಬಿನ ಗಾಜು ಕ್ಯಾಮೆರಾ ಸಹಿಸುವುದಕ್ಕಿಂತ ನೂರಾರು ಪಟ್ಟು ಪ್ರಖರವಾಗಿರುತ್ತದೆ. ಹಾಗಾಗಿ ಬಲ್ಬಿದ್ದ ಜಾಗದಲ್ಲಿ ಅಂಚೇ ಇಲ್ಲದ ಒಂದು ಬಿಳಿ ಉಂಡೆ ಕಾಣುತ್ತದೆ, ಬಾಳೆಗೊನೆಯೂ ಅದರಲ್ಲಿ ಕರಗಿಹೋಗುತ್ತದೆ. ನೋಡುವವರ ಕಣ್ಣು ಅಂಗಡಿಯವನನ್ನು ಬಿಟ್ಟು ಆ ಉಂಡೆಗೇ ಅಂಟಿಕೊಳ್ಳುತ್ತದೆ.

ಅದಕ್ಕೇ ಬಲ್ಬಿಗೆ ಇಲ್ಲಿ ಕೊಡುವುದು ನಟನೆಯ ಕೆಲಸ ಮಾತ್ರ. ಡಿಮ್ಮರ್ ಹಾಕಿ ಅದನ್ನು ತಗ್ಗಿಸಿ, ಗಾಜು ಹಳದಿ ಬಣ್ಣದಲ್ಲೇ ಕಾಣುವಷ್ಟು ಮಾತ್ರ ಉರಿಸುತ್ತಾರೆ. ತಂತಿ ಬಲ್ಬಿನ ಒಂದು ಒಳ್ಳೆಯ ಗುಣವೆಂದರೆ ತಗ್ಗಿಸಿದಷ್ಟೂ ಅದು ಕೆಂಪೇರುತ್ತದೆ, ಹಳೆಯ ಅಂಗಡಿಗೆ ಅದೇ ಚೆಂದ. ಸಾಮಾನ್ಯ ಎಲ್‌ಇಡಿ ಬಲ್ಬಿಗೆ ಇದೇ ಡಿಮ್ಮರ್ ಹಾಕಿದರೆ ಮಿಟುಕಲು ಶುರುಮಾಡುತ್ತದೆ. ಡಿಮ್ಮರ್ ಇಲ್ಲದವರು ಬಲ್ಬಿನ ಕ್ಯಾಮೆರಾ ಕಡೆಯ ಅರ್ಧಕ್ಕೆ ಮಾತ್ರ ತೆಳುವಾಗಿ ಕಪ್ಪು ಸ್ಪ್ರೇ ಹೊಡೆಯುತ್ತಾರೆ. ಆಗ ಕ್ಯಾಮೆರಾಕ್ಕೆ ಬಲ್ಬು ಮಂದ, ಹಿಂದಿನ ಭರಣಿಗಳಿಗೆ ಪೂರ್ತಿ ಬೆಳಕು. ಹಳೆಯ ಕಾಲದ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಸಿಕ್ಕಿಲ್ಲ.

ಮುಖಕ್ಕೆ ನಿಜವಾದ ಬೆಳಕು ಬರುವುದು ಬೇರೆ ಕಡೆಯಿಂದ. ಅಂಗಡಿಯ ಮಾಡಿನ ಅಂಚಿನಲ್ಲಿ, ಚೌಕಟ್ಟಿನ ಹೊರಗೆ, ಬಲ್ಬು ಇರುವ ದಿಕ್ಕಿನಲ್ಲೇ ಒಂದು ಚಿಕ್ಕ ಎಲ್‌ಇಡಿ ಪ್ಯಾನೆಲ್ ಕಟ್ಟಿ, ಅದರ ಮುಂದೆ ಬಿಳಿ ಪಂಚೆಯನ್ನೋ ಬಟರ್ ಪೇಪರನ್ನೋ ಇಳಿಬಿಡುತ್ತಾರೆ. ಬಣ್ಣ ಬಲ್ಬಿನದೇ ಇರಬೇಕು, ದಿಕ್ಕು ಬಲ್ಬಿನದೇ ಇರಬೇಕು. ಇವೆರಡರಲ್ಲಿ ದಿಕ್ಕು ಮುಖ್ಯ. ಬಲ್ಬು ತಲೆಯ ಎಡಕ್ಕಿದ್ದು, ಮೂಗಿನ ನೆರಳೂ ಎಡಕ್ಕೇ ಬಿದ್ದರೆ ಕಾರಣ ಹೇಳಲು ಬಾರದ ಪ್ರೇಕ್ಷಕನಿಗೂ ಏನೋ ಸುಳ್ಳು ಅನ್ನಿಸುತ್ತದೆ. ಸೆಟ್ಟಿನಲ್ಲಿ ಇದನ್ನು ಪರೀಕ್ಷಿಸುವ ದಾರಿ ಸರಳ. ಲೈಟ್‌ಮನ್ ಬಲ್ಬನ್ನು ಒಮ್ಮೆ ಆರಿಸುತ್ತಾನೆ. ಮಾನಿಟರಿನಲ್ಲಿ ಮುಖ ಅಷ್ಟೇ ಇದ್ದರೆ ಬಚ್ಚಿಟ್ಟ ದೀಪ ತನ್ನ ಕೆಲಸ ಮಾಡುತ್ತಿದೆ. ಆಮೇಲೆ ಬಲ್ಬು ಹಚ್ಚಿ ಪ್ಯಾನೆಲ್ ಆರಿಸಿದಾಗ ಮುಖ ಕತ್ತಲಾಗಬೇಕು.

ಇನ್ನು ದೂರದ ಹೆಂಗಸು. ಇವಳಿಗೆ ಮುಂದಿನಿಂದ ಬೆಳಕು ಕೊಟ್ಟರೆ ಮುಖ ಗೊತ್ತಾಗಿಬಿಡುತ್ತದೆ. ಕೊಡದೆ ಬಿಟ್ಟರೆ ಕಪ್ಪು ರಸ್ತೆಯಲ್ಲಿ ಕಪ್ಪು ಸೀರೆ, ಯಾರೂ ಇಲ್ಲದಂತೆಯೇ ಲೆಕ್ಕ. ಇಲ್ಲಿ ಕೈಹಿಡಿಯುವುದು ರಿಮ್ ಲೈಟ್, ವ್ಯಕ್ತಿಯ ಹಿಂದಿನಿಂದ ಬಂದು ಅಂಚನ್ನಷ್ಟೇ ಸವರಿ ಹೋಗುವ ಬೆಳಕು. ಕಪ್ಪು-ಬಿಳುಪಿನ ಕಾಲದಲ್ಲಿ ಬಣ್ಣದ ನೆರವೇ ಇರಲಿಲ್ಲವಾದ್ದರಿಂದ ಕಪ್ಪು ಹಿನ್ನೆಲೆಯಿಂದ ಕಪ್ಪು ತಲೆಗೂದಲನ್ನು ಬಿಡಿಸಲು ಇದೇ ಮುಖ್ಯ ದಾರಿಯಾಗಿತ್ತು. ಗುರುದತ್ತರ ‘ಪ್ಯಾಸಾ’ದ (1957) ರಾತ್ರಿಗಳನ್ನು ನೋಡಿದವರಿಗೆ ಇದು ಗೊತ್ತು. ಅದರ ಛಾಯಾಗ್ರಾಹಕರು ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಬೆಳಕಿನ ಬಗ್ಗೆ ಬರೆಯುವ ಕನ್ನಡಿಗರು ಅವರ ಹೆಸರನ್ನು ಇನ್ನೂ ಹೆಚ್ಚು ಬಳಸಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ನಮ್ಮ ಬೀದಿಯಲ್ಲಿ ರಿಮ್ ಲೈಟ್ ಎಲ್ಲಿಡಬೇಕು? ಹೆಂಗಸು ಕ್ಯಾಮೆರಾದಿಂದ 90 ಅಡಿ ದೂರದಲ್ಲಿ ಕಾಣಿಸಿಕೊಂಡು ಅಂಗಡಿಯ ತನಕ, ಅಂದರೆ 15 ಅಡಿ ದೂರದ ತನಕ ಬರುತ್ತಾಳೆ ಅಂದುಕೊಳ್ಳಿ. ದೀಪವನ್ನು ಅವಳ ಬೆನ್ನಿಗೇ ಹತ್ತಿರ ಇಟ್ಟರೆ ಶುರುವಿನಲ್ಲಿ ತಲೆ ಹೊತ್ತಿ ಉರಿದಂತೆ ಕಂಡು, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆರಿಹೋಗುತ್ತದೆ. ಕಾರಣ ಮತ್ತೆ ಅದೇ ದೂರದ ನಿಯಮ. ಆದ್ದರಿಂದ ದೀಪವನ್ನು ಬೀದಿಯ ತುದಿಗೆ, ಕ್ಯಾಮೆರಾದಿಂದ 150 ಅಡಿ ಆಚೆಗೆ, ಒಂದು ಮನೆಯ ತಾರಸಿಗೆ ಏರಿಸುತ್ತಾರೆ. ಎತ್ತರ ಸುಮಾರು 25 ಅಡಿ. ಚೌಕಟ್ಟಿನಲ್ಲಿ ಕಾಣದಂತೆ ಸ್ವಲ್ಪ ಬಲಕ್ಕೆ ಸರಿಸಿ, ಅವಳ ಬೆನ್ನಿನ ಓರೆಗೆ ತಿರುಗಿಸುತ್ತಾರೆ. 300 ವ್ಯಾಟಿನ ಎಲ್‌ಇಡಿಗೆ ರಿಫ್ಲೆಕ್ಟರ್ ಹಾಕಿದರೆ ಈ ದೂರಕ್ಕೆ ಸಾಕು, ಮುಕ್ಕಾಲು ಪಾಲು ಸಲ ಅದನ್ನೂ ತಗ್ಗಿಸಬೇಕಾಗುತ್ತದೆ. ಎತ್ತರ ಕಡಿಮೆಯಾದರೆ ಬೆಳಕು ನೇರ ಲೆನ್ಸಿಗೆ ನುಗ್ಗಿ ಇಡೀ ಚಿತ್ರ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ತೀರಾ ಎತ್ತರವಾದರೆ ಅಂಚಿನ ಗೆರೆ ಹೋಗಿ ನೆತ್ತಿ ಮತ್ತು ಮೂಗಿನ ತುದಿ ಮಾತ್ರ ಹೊಳೆಯುತ್ತವೆ. ಮೂಗಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡಿತೆಂದರೆ ದೀಪ ಮುಂದೆ ಬಂದಿದೆ ಎಂದರ್ಥ, ಹಿಂದೆ ಸರಿಸಬೇಕು.

ಇನ್ನೊಂದು ವಿಷಯ ಅಳತೆಯ ಆ್ಯಪಿಗೆ ಗೊತ್ತಾಗುವುದಿಲ್ಲ. ಓರೆಯಾಗಿ ಬಂದು ಜಾರಿ ಹೋಗುವ ಬೆಳಕನ್ನು ಚರ್ಮ, ಕೂದಲು, ರೇಷ್ಮೆ ಎಲ್ಲವೂ ಕನ್ನಡಿಯ ಹಾಗೆ ಹೆಚ್ಚು ಪ್ರತಿಫಲಿಸುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಜಡೆಗೆ 60 ಲಕ್ಸ್ ಬಿದ್ದರೂ 120 ಬಿದ್ದಂತೆ ಹೊಳೆಯುತ್ತದೆ. ಅದೇ ಜಾಗದಲ್ಲಿ ಮಾಸಿದ ನೂಲಿನ ಸೆರಗು ಬೆಳಕನ್ನು ನುಂಗಿ ಸುಮ್ಮನಿರುತ್ತದೆ. ಹಾಗಾಗಿ ರಿಮ್ ಲೈಟಿನ ಪ್ರಮಾಣವನ್ನು ಮೀಟರಿನಲ್ಲಿ ಅಳೆಯುವುದಕ್ಕಿಂತ ಮಾನಿಟರಿನಲ್ಲಿ ನೋಡಿ ಇಳಿಸುವುದೇ ಸರಿ. ಕಪ್ಪು ಮೈಬಣ್ಣದವರಿಗೆ ಈ ಬೆಳಕು ವಿಶೇಷವಾಗಿ ಒಪ್ಪುತ್ತದೆ. ಕೆನ್ನೆಯ ಮೂಳೆ, ಕತ್ತಿನ ಬಾಗು, ಮೊಣಕೈ ಎಲ್ಲವೂ ಗೆರೆ ಎಳೆದಂತೆ ಬಿಡಿಸಿಕೊಳ್ಳುತ್ತವೆ, ಮುಖಕ್ಕೆ ಪುಡಿ ಬಳಿದು ಬೆಳ್ಳಗೆ ಮಾಡುವ ಅಗತ್ಯವೇ ಬರುವುದಿಲ್ಲ.

ನಡಿಗೆಯ ಮೂರು ಹಂತಗಳನ್ನು ಈಗ ಜೋಡಿಸಬಹುದು. ಮೊದಲ ಹಂತದಲ್ಲಿ ಆಕೆ ದೂರದಲ್ಲಿ ಒಂದು ಅಂಚುಗೆರೆ ಮಾತ್ರ. ಎರಡನೆಯದರಲ್ಲಿ, ಸುಮಾರು 50 ಅಡಿ ದೂರದಲ್ಲಿ, ಬೀದಿ ಕಂಬದ ಕೆಳಗೆ ಬಂದಾಗ ಸೀರೆಯ ಬಣ್ಣ, ಕೈಯ ಚೀಲ, ನಡಿಗೆಯ ಆಯಾಸ ಕಾಣುತ್ತವೆ. ಆದರೆ ಬೆಳಕು ನೆತ್ತಿಯಿಂದ ಬೀಳುವುದರಿಂದ ಕಣ್ಣುಗಳು ನೆರಳಲ್ಲೇ ಉಳಿಯುತ್ತವೆ. ಆಮೇಲೆ ಮತ್ತೆ ಒಂದಷ್ಟು ಕತ್ತಲು, ಇದನ್ನು ಬೇಕೆಂದೇ ಉಳಿಸಿಕೊಳ್ಳಬೇಕು. ಕೊನೆಗೆ ಅಂಗಡಿಯ ಹಳದಿ ಬೆಳಕಿನೊಳಗೆ ಕಾಲಿಟ್ಟಾಗ ಮುಖ ತೆರೆದುಕೊಳ್ಳುತ್ತದೆ. ಅನುಭವವಿಲ್ಲದ ತಂಡಗಳು ಇಡೀ ದಾರಿಗೆ ಬೆಳಕು ತುಂಬಿಸಿಬಿಡುತ್ತವೆ. ಅಲ್ಲಿಗೆ ದೃಶ್ಯದ ಕುತೂಹಲವೂ ಮುಗಿಯಿತು. ಬೇಡದ ಬೆಳಕು ಎದುರು ಮನೆಯ ಸುಣ್ಣದ ಗೋಡೆಯಿಂದ ಪುಟಿದು ಬಂದರೂ ಇದೇ ಗತಿ. ಅದಕ್ಕೆ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡುತ್ತಾರೆ. ದೀಪ ಹಚ್ಚುವಷ್ಟೇ ಹೊತ್ತು ದೀಪ ಮರೆಮಾಡಲೂ ಹಿಡಿಯುತ್ತದೆ.

ಬಣ್ಣಕ್ಕೆ ಬಂದರೆ, ಅಂಗಡಿ ಕಿತ್ತಳೆ, ಬೀದಿ ನೀಲಿ ಅನ್ನುವುದು ಈಗ ಸವಕಲಾದ ಸೂತ್ರ. ಆದರೂ ಅದು ಕೆಲಸ ಮಾಡುತ್ತದೆ, ಏಕೆಂದರೆ ಆ ಎರಡು ಬಣ್ಣಗಳು ಒಂದರ ಎದುರು ಒಂದು ನಿಂತಾಗ ಎರಡೂ ಹೆಚ್ಚು ಗಾಢವಾಗಿ ಕಾಣುತ್ತವೆ. ಬೆಳದಿಂಗಳು ನೀಲಿ ಅನ್ನುವುದೂ ಒಂದು ರೂಢಿಯೇ. ಚಂದ್ರನಿಂದ ಬರುವುದು ಪ್ರತಿಫಲಿಸಿದ ಬಿಸಿಲು, ಅಳೆದರೆ ಹಗಲಿನ ಬೆಳಕಿಗಿಂತ ಒಂದು ಎಳೆ ಹಳದಿಯೇ. ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಳೆದುಹೋಗಿ ನೀಲಿ ಉಳಿಯುವುದರಿಂದ ಈ ಸುಳ್ಳನ್ನು ನಾವು ಒಪ್ಪಿಕೊಂಡಿದ್ದೇವೆ.

ಹೆಚ್ಚಿನವರು ಎಡವುವುದು ಕ್ಯಾಮೆರಾದ ವೈಟ್ ಬ್ಯಾಲೆನ್ಸಿನಲ್ಲಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ನಮ್ಮ ಅಂಗಡಿಯ ದೀಪ 2800ರ ಆಸುಪಾಸು, ತಾರಸಿಯ ದೀಪ 5600. ಕ್ಯಾಮೆರಾವನ್ನು 3200ಕ್ಕೆ ಇಟ್ಟರೆ ಅಂಗಡಿ ಬಹುತೇಕ ಬೆಳ್ಳಗಾಗಿ, ರಿಮ್ ಗೆರೆ ಪೌರಾಣಿಕ ನಾಟಕದ ನೀಲಿಯಾಗುತ್ತದೆ. 5600ಕ್ಕೆ ಇಟ್ಟರೆ ಗೆರೆ ಬಿಳಿ, ಅಂಗಡಿಗೆ ಬೆಂಕಿ ಬಿದ್ದಂತೆ ಕೆಂಪು. ನಡುವೆ, 4300ರ ಹತ್ತಿರ ಇಟ್ಟಾಗ ಎರಡೂ ತಂತಮ್ಮ ಕಡೆಗೆ ಹಿತವಾಗಿ ವಾಲುತ್ತವೆ. ಬೀದಿಯನ್ನೆಲ್ಲ ನೀಲಿಯಲ್ಲಿ ಅದ್ದಬಾರದು ಅನ್ನುವುದು ನನ್ನ ಅಭಿಪ್ರಾಯ. ನೀಲಿ ಹೆಚ್ಚು ಹರಡಿರಲಿ, ಆದರೆ ತೆಳುವಾಗಿರಲಿ. ಕಿತ್ತಳೆ ಚಿಕ್ಕ ಜಾಗದಲ್ಲಿ, ಗಾಢವಾಗಿರಲಿ. ಎರಡಕ್ಕೂ ಸಮಪಾಲು ಕೊಟ್ಟ ಚಿತ್ರದಲ್ಲಿ ಕಣ್ಣು ಅತ್ತಿಂದಿತ್ತ ಓಲಾಡುತ್ತದೆ. ಮೂರನೆಯ ಬಣ್ಣವೊಂದು ಎಲ್ಲಿಂದಲೋ ನುಸುಳಿದರೆ ಇನ್ನೂ ಕಷ್ಟ. ಬ್ರೇಕ್ ಹಿಡಿದ ಬೈಕಿನ ಕೆಂಪು ದೀಪ, ಎಟಿಎಮ್ಮಿನ ಹೊಳೆಯುವ ಫಲಕ, ಯಾವುದೋ ಬಾಲ್ಕನಿಯಲ್ಲಿ ಹಬ್ಬ ಮುಗಿದರೂ ತೆಗೆಯದ ಹಸಿರು ಸೀರಿಯಲ್ ಸೆಟ್ಟು, ಇವು ಬೆರಳಗಲ ಇದ್ದರೂ ಕಣ್ಣನ್ನು ಕದಿಯುತ್ತವೆ. ಆ ಮನೆಯ ಅಜ್ಜಿಯನ್ನು ಎಬ್ಬಿಸಿ ‘ಅಮ್ಮಾ, ಒಂದರ್ಧ ಗಂಟೆ ಆ ಲೈಟು ಆರಿಸ್ತೀರಾ?’ ಎಂದು ಕೇಳುವುದೂ ಲೈಟಿಂಗಿನ ಭಾಗವೇ.

ಬೀದಿ ಕಂಬಗಳ ಕಥೆ ಈಚೆಗೆ ಬದಲಾಗಿದೆ. ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ಉರಿದ ಸೋಡಿಯಂ ದೀಪ ಒಂದು ಬಗೆಯ ಹಳದಿಯನ್ನಷ್ಟೇ ಹೆಚ್ಚಾಗಿ ಉಗುಳುತ್ತಿತ್ತು. ಅದರ ಕೆಳಗೆ ನೀಲಿ ಸೀರೆ ಬೂದು, ಹಸಿರು ಕುಪ್ಪಸ ಕಂದು. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಎಡಿಟಿಂಗ್ ಕೋಣೆಯಲ್ಲಿ ವಾಪಸು ತರಲಾಗದು. ಆದರೂ ಆ ಮಂಕು ಹಳದಿಗೆ ಒಂದು ಗುಣವಿತ್ತು. ಮೈಕೆಲ್ ಮ್ಯಾನ್ ಅವರ ‘ಕೊಲ್ಯಾಟರಲ್’ (2004) ಲಾಸ್ ಏಂಜಲೀಸಿನ ಸೋಡಿಯಂ ರಾತ್ರಿಯನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದಿಟ್ಟಿತು. ಈಗ ಅಲ್ಲಿಯೂ ಇಲ್ಲಿಯೂ ಕಂಬಗಳಿಗೆ ಬಿಳಿ ಎಲ್‌ಇಡಿ ಬಂದಿದೆ. ಬಿಳಿ ಕಂಬ ಇದ್ದ ಬೀದಿಯಲ್ಲಿ ಹಳೆಯ ಕಾಲದ ಕಥೆ ಹೇಳುವವರು ಕಂಬದ ದೀಪಕ್ಕೆ ಕಿತ್ತಳೆ ಜೆಲ್ ಹಾಳೆ ಸುತ್ತಬೇಕು. ಅದಕ್ಕೆ ಸಂಬಂಧಪಟ್ಟವರ ಅನುಮತಿ ಬೇಕು, ಕಂಬ ಹತ್ತುವ ಕೆಲಸ ಅವರ ಸಿಬ್ಬಂದಿಯದೇ.

ಕಂಬವೋ ಟ್ಯೂಬೋ ಚೌಕಟ್ಟಿನಲ್ಲಿದ್ದರೆ ಶಟರಿನ ಮಾತನ್ನು ಮರೆಯುವಂತಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅದಕ್ಕೆ ಜೋಡಿಸಿದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ರೂಢಿಯ ಶಟರು 48ನೇ ಒಂದು ಭಾಗ. ಇವೆರಡೂ ತಾಳೆಯಾಗದೆ ಗೋಡೆಯ ಮೇಲೆ ಮಂದವಾದ ಅಡ್ಡಪಟ್ಟಿಗಳು ಮೇಲೆ ಕೆಳಗೆ ಸರಿದಾಡುತ್ತವೆ. ಶಟರನ್ನು 50ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟಿಗಳು ನಿಲ್ಲುತ್ತವೆ. ಚಿಕ್ಕ ಮಾನಿಟರಿನಲ್ಲಿ ಇದು ಕಾಣದೆ ಹೋಗಬಹುದು, ಒಂದು ಟೇಕನ್ನು ದೊಡ್ಡ ಪರದೆಯಲ್ಲಿ ನೋಡಿಯೇ ಮುಂದುವರಿಯುವುದು ಕ್ಷೇಮ.

ರಸ್ತೆಗೆ ನೀರು ಹಾಕಿಸುವುದು ಏಕೆಂದು ಬಹಳ ಮಂದಿ ಕೇಳುತ್ತಾರೆ. ಮಳೆಯ ಕಥೆಯಲ್ಲದಿದ್ದರೂ ಸಿನಿಮಾದ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಒಣ ಡಾಂಬರು ಬೆಳಕನ್ನು ಹೀರಿ ಕಪ್ಪು ಗುಂಡಿಯಾಗಿ, ಚಿತ್ರದ ಕೆಳಗಿನ ಅರ್ಧವನ್ನು ಹಾಳುಮಾಡುತ್ತದೆ. ಒದ್ದೆ ಡಾಂಬರು ಎದುರಿನಿಂದ ಬರುವ ಬೆಳಕನ್ನು ಕ್ಯಾಮೆರಾದತ್ತ ಕಳಿಸುತ್ತದೆ. ತಾರಸಿಯ ದೀಪದಿಂದ ಒಂದು ನೀಲಿ ಪಟ್ಟಿ, ಕಂಬದಿಂದ ಒಂದು, ಅಂಗಡಿಯ ಮುಂದೆ ಚೆಲ್ಲಿದ ಹಳದಿ. ಆ ಪಟ್ಟಿಗಳು ಕ್ಯಾಮೆರಾದ ಕಾಲಬುಡದಿಂದ ಹೆಂಗಸಿನ ಪಾದದ ತನಕ ಕಣ್ಣಿಗೆ ದಾರಿ ಹಾಕಿಕೊಡುತ್ತವೆ. ಆದರೆ ಕ್ಯಾಮೆರಾದ ಹಿಂದಿನಿಂದ ಬಿಟ್ಟ ಬೆಳಕಿಗೆ ಒದ್ದೆ ರಸ್ತೆ ಏನೂ ಮಾಡುವುದಿಲ್ಲ, ಅದು ಮುಂದಕ್ಕೆ ಜಾರಿ ಹೋಗುತ್ತದೆ. ಕ್ಯಾರಲ್ ರೀಡ್ ಅವರ ‘ದಿ ಥರ್ಡ್ ಮ್ಯಾನ್’ (1949) ಚಿತ್ರದಲ್ಲಿ ವಿಯೆನ್ನಾದ ಕಲ್ಲು ಹಾಸಿದ ಬೀದಿಗಳು ಹೊಳೆಯುವುದಕ್ಕೂ ಇದೇ ಕಾರಣ, ಅವಕ್ಕೆ ನೀರು ಹೊಡೆಸುತ್ತಿದ್ದರು. ನೀರು ಮತ್ತು ವಿದ್ಯುತ್ತು ಒಟ್ಟಿಗಿರುವ ಜಾಗವಾದ್ದರಿಂದ ಕೇಬಲ್ಲಿನ ಜೋಡಣೆಗಳು ನೆಲದಿಂದ ಮೇಲಿರಬೇಕು, ಸೋರಿಕೆಯಾದೊಡನೆ ಕಡಿದುಹಾಕುವ ಬ್ರೇಕರ್ ಇರಲೇಬೇಕು.

ಎಲ್ಲ ಹಚ್ಚಿದ ಮೇಲೆ ಪರೀಕ್ಷೆ ಒಂದೇ. ಮಾನಿಟರನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಕಣ್ಣು ಅರೆ ಮುಚ್ಚಿ ನೋಡುವುದು. ಬಣ್ಣ ಹೋದರೂ ಅಂಗಡಿಯವನು ಮೊದಲು, ಹೆಂಗಸು ಆಮೇಲೆ ಕಂಡರೆ ಕೆಲಸ ಆಗಿದೆ. ಅಂಗಡಿಯವನ ತಲೆ ಹಿಂದಿನ ಭರಣಿಗಳಲ್ಲಿ ಕಲಸಿಹೋಗಿದ್ದರೆ ಬಣ್ಣದ ಮೇಲೆ ಹೆಚ್ಚು ಭಾರ ಹಾಕಿದ್ದೀರಿ ಎಂದರ್ಥ. ಭರಣಿಗಳ ಮೇಲಿನ ಬೆಳಕನ್ನು ಕಡಿಮೆ ಮಾಡಿ, ಅಥವಾ ಅಂಗಡಿಯ ಹಿಂದಿನ ಸಂದಿನಿಂದ ಅವನ ಕಿವಿಗೂ ಭುಜಕ್ಕೂ ಒಂದು ಸಣ್ಣ ರಿಮ್ ಕೊಡಿ. ಹಿನ್ನೆಲೆ ಪೂರ್ತಿ ಕಪ್ಪಾಗಿ ಗೋಡೆಯಂತೆ ನಿಂತಿದ್ದರೆ ದೂರದ ಎರಡು ಮೂರು ಮನೆಗಳಲ್ಲಿ ಪರದೆಯ ಹಿಂದೆ 9 ವ್ಯಾಟಿನ ಬಲ್ಬು ಹಚ್ಚಿಸಿದರೆ ಸಾಕು, ಬೀದಿಗೆ ಆಳ ಬರುತ್ತದೆ. ಕ್ಯಾಮೆರಾದ ಐಎಸ್‌ಒ ಏರಿಸಿ ಆ ಕಪ್ಪನ್ನು ಬಗೆಯಲು ಹೋದರೆ ಸಿಗುವುದು ಆಳವಲ್ಲ, ಕುದಿಯುವ ಕಾಳುಗಳು.

ಉಳಿದದ್ದು ಸಮಯದ ಲೆಕ್ಕ. ಇಷ್ಟೆಲ್ಲ ಕಟ್ಟುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ, ಬೇಸಿಗೆಯಾದರೆ ರಸ್ತೆ ಪದೇ ಪದೇ ಒಣಗುತ್ತದೆ, ಟ್ಯಾಂಕರು ಎರಡನೇ ಲೋಡಿಗೆ ಹೋದರೆ ಮುಕ್ಕಾಲು ಗಂಟೆ ಬರುವುದಿಲ್ಲ. ಅದಕ್ಕೇ ಆಕಾಶವೂ ದೂರದ ಬೀದಿಯೂ ಕಾಣುವ ಅಗಲದ ಶಾಟನ್ನು ಮೊದಲು ಮುಗಿಸುತ್ತಾರೆ. ಅಂಗಡಿಯ ಮುಂದಿನ ಮಾತುಕತೆಯನ್ನೂ ಭರಣಿಗಳ ಸಮೀಪದ ಶಾಟನ್ನೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಐದೂವರೆಗೆ ಪೂರ್ವದಲ್ಲಿ ಬೆಳಕು ಹರಿದು ಹಾಲಿನವನ ಸೈಕಲ್ಲು ಬಂದರೂ, ಚೌಕಟ್ಟಿನ ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದರೆ ಅಲ್ಲಿ ಇನ್ನೂ ಅರ್ಧ ಗಂಟೆ ರಾತ್ರಿ ಸಿಗುತ್ತದೆ.